ಗೋಡೆ ಅಳಿಸಲು ಹೋದರೆ ಶರ್ಟೂ ಮಾಯ

ಊರಿನ ಸರ್ಕಲ್ಲಿನಲ್ಲಿ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸುಗಳನ್ನು ಹತ್ತಿರ ನಿಂತು ನೋಡಿದರೆ ಕೆಲವು ತಲೆಗಳ ಸುತ್ತ, ಕೂದಲಿನ ಅಂಚಿಗೆ, ತೆಳ್ಳನೆಯ ಬಿಳಿ ಗೆರೆ ಕಾಣುತ್ತದೆ. ಇನ್ನು ಕೆಲವರ ಬಿಳಿ ಶರ್ಟಿನ ತೋಳು ಯಾರೋ ಕಚ್ಚಿ ತೆಗೆದಂತಿರುತ್ತದೆ. ಫೋಟೋದ ಹಿಂದಿನ ಗೋಡೆಯನ್ನು ಅಳಿಸಿ, ಆ ಜಾಗಕ್ಕೆ ಬೇರೆ ಬಣ್ಣ ತುಂಬುವಾಗ ಆಗುವ ಎಡವಟ್ಟುಗಳಿವು. ಮ್ಯಾಜಿಕ್ ವ್ಯಾಂಡ್ ಬಳಸಿ ಅಳಿಸಿದ್ದರೆ, ಎರಡರ ಬೇರೂ ಸಾಮಾನ್ಯವಾಗಿ ಟಾಲರೆನ್ಸ್ ಎಂಬ ಒಂದೇ ಸಂಖ್ಯೆಯಲ್ಲಿರುತ್ತದೆ.

1990ರಲ್ಲಿ ಬಂದ ಫೋಟೋಶಾಪ್‌ನ ಮೊದಲ ಆವೃತ್ತಿಯಲ್ಲೇ ಈ ಟೂಲ್ ಇತ್ತು. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಅದು Fuzzy Select ಎಂಬ ಹೆಸರಿನಲ್ಲಿದೆ. ಟಾಲರೆನ್ಸ್‌ಗೆ ಅಲ್ಲಿ Threshold ಎನ್ನುತ್ತಾರೆ. ಗೋಡೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಗೋಡೆಯಷ್ಟೂ ಸೆಲೆಕ್ಟ್ ಆಗಬೇಕು ಎಂಬುದು ಬಳಸುವವರ ಆಸೆ. ಆದರೆ ಗೋಡೆ ಯಾವುದು, ಮನುಷ್ಯ ಯಾರು ಎಂಬುದು ಈ ಟೂಲಿಗೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆಗಳು ಮಾತ್ರ.

ಸಾಮಾನ್ಯ ಡಿಜಿಟಲ್ ಫೋಟೋದಲ್ಲಿ ಪ್ರತಿ ಪಿಕ್ಸೆಲ್‌ಗೂ ಮೂರು ಸಂಖ್ಯೆಗಳಿರುತ್ತವೆ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಒಂದೊಂದೂ 0ಯಿಂದ 255ರವರೆಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಕ್ಲಿಕ್ ಮಾಡಿದ ಪಿಕ್ಸೆಲ್‌ನ ಮೂರು ಸಂಖ್ಯೆಗಳನ್ನು ಟೂಲ್ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ಪಿಕ್ಸೆಲ್‌ಗಳ ಸಂಖ್ಯೆಗಳನ್ನು ಅದಕ್ಕೆ ಹೋಲಿಸುತ್ತದೆ. ವ್ಯತ್ಯಾಸ ಟಾಲರೆನ್ಸ್‌ನೊಳಗಿದ್ದರೆ ಆ ಪಿಕ್ಸೆಲ್ ಸೇರಿತು, ಅದರ ನೆರೆಹೊರೆಯ ಸರದಿ ಬಂತು. ಮೀರಿದ್ದರೆ ಆ ದಿಕ್ಕಿನಲ್ಲಿ ಅಲ್ಲಿಗೇ ನಿಂತಿತು. ನೆಲದ ಮೇಲೆ ಚೆಲ್ಲಿದ ನೀರು ಹೊಸ್ತಿಲು ಸಿಗುವವರೆಗೂ ಹರಿಯುವ ಹಾಗೆ ಆಯ್ಕೆ ಹರಡುತ್ತ ಹೋಗುತ್ತದೆ. ಆ ಹೊಸ್ತಿಲಿನ ಎತ್ತರವೇ ಟಾಲರೆನ್ಸ್. ಫೋಟೋಶಾಪ್‌ನಲ್ಲಿ ಅದು ಮೊದಲಿಗೆ 32 ಇರುತ್ತದೆ, ಜಿಂಪ್‌ನಲ್ಲಿ 15.

ಜಿಂಪ್‌ನ ಲೆಕ್ಕ ಕಾಗದದ ಮೇಲೆ ಮಾಡಿ ನೋಡುವಷ್ಟು ಸರಳ. ಮೂರು ಬಣ್ಣಗಳ ವ್ಯತ್ಯಾಸದಲ್ಲಿ ಯಾವುದು ಅತಿ ಹೆಚ್ಚೋ ಅದನ್ನೇ ಅದು ಮಿತಿಯ ಜೊತೆ ಹೋಲಿಸುತ್ತದೆ. ಕೆನೆಬಣ್ಣದ ಗೋಡೆಯ ಮುಂದೆ ಬಿಳಿ ಶರ್ಟು ತೊಟ್ಟು ನಿಂತವರೊಬ್ಬರ ಫೋಟೋ ಇದೆ ಎಂದುಕೊಳ್ಳಿ. ಕ್ಲಿಕ್ ಮಾಡಿದ ಜಾಗದಲ್ಲಿ ಗೋಡೆಯ ಸಂಖ್ಯೆಗಳು 214, 208, 196. ಬೆಳಕು ಸರಿಯಾಗಿ ಬೀಳದ ಮೂಲೆಯಲ್ಲಿ ಅದೇ ಗೋಡೆ 172, 168, 158. ಶರ್ಟು 236, 234, 230.

ಗೋಡೆಗೂ ಮೂಲೆಗೂ ಇರುವ ವ್ಯತ್ಯಾಸ 42, 40, 38, ದೊಡ್ಡದು 42. ಗೋಡೆಗೂ ಶರ್ಟಿಗೂ 22, 26, 34, ದೊಡ್ಡದು 34. ಅಂದರೆ ಈ ಲೆಕ್ಕದ ಪ್ರಕಾರ ಗೋಡೆಗೆ ತನ್ನದೇ ಮೂಲೆಗಿಂತ ಶರ್ಟೇ ಹೆಚ್ಚು ಹತ್ತಿರ! ಟಾಲರೆನ್ಸ್ 32 ಇಟ್ಟರೆ ಶರ್ಟು ಉಳಿಯುತ್ತದೆ, ಮೂಲೆಯೂ ಉಳಿದುಬಿಡುತ್ತದೆ. ಮೂಲೆ ಬರಲಿ ಎಂದು 45ಕ್ಕೆ ಏರಿಸಿದರೆ ಮೂಲೆಗಿಂತ ಮೊದಲೇ ಶರ್ಟು ಒಳಗೆ ಬಂದಿರುತ್ತದೆ. ಸ್ಲೈಡರನ್ನು ಎಷ್ಟೇ ಎಳೆದಾಡಿದರೂ ಈ ಫೋಟೋಕ್ಕೆ ಸರಿಹೊಂದುವ ಒಂದು ಸಂಖ್ಯೆ ಇಲ್ಲ.

ಗೋಡೆಯ ಬಣ್ಣ ಮೂಲೆಯ ಕಡೆಗೆ ಇಷ್ಟಿಷ್ಟೇ ಮಬ್ಬಾಗುತ್ತ ಹೋಗಿದೆಯಲ್ಲ, ಪಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಒಂದೋ ಎರಡೋ ವ್ಯತ್ಯಾಸವಷ್ಟೇ ಅಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಹೋಲಿಕೆ ನಡೆಯುವುದು ಪಕ್ಕದ ಪಿಕ್ಸೆಲ್ ಜೊತೆಗಲ್ಲ, ಮೊದಲು ಕ್ಲಿಕ್ ಮಾಡಿದ ಪಿಕ್ಸೆಲ್ ಜೊತೆಗೆ. ಹಾಗಾಗಿ ದಾರಿ ಎಷ್ಟೇ ನಯವಾಗಿರಲಿ, 214ರಿಂದ ಮಿತಿ ಮೀರಿ ಇಳಿದ ಕೂಡಲೇ ಹರಿವು ನಿಲ್ಲುತ್ತದೆ. ಇದು ಒಳ್ಳೆಯದೇ. ಪಕ್ಕದ್ದನ್ನೇ ನೋಡುತ್ತ ಹೋಗಿದ್ದರೆ ಮಸುಕಾದ ಅಂಚು ಸಿಕ್ಕಲ್ಲೆಲ್ಲ ಆಯ್ಕೆ ಮೆಲ್ಲಗೆ ಜಾರಿ ಮುಖದ ಮೇಲೆಯೇ ಹರಿಯುತ್ತಿತ್ತು.

ಎಲ್ಲಿ ಕ್ಲಿಕ್ ಮಾಡುತ್ತೇವೆ ಎಂಬುದು ಎಷ್ಟು ಮುಖ್ಯ ಎನ್ನುವುದೂ ಇದರಿಂದಲೇ ತಿಳಿಯುತ್ತದೆ. ಮೇಲಿನ ಫೋಟೋದಲ್ಲಿ ಟಾಲರೆನ್ಸನ್ನು 24ಕ್ಕೆ ಇಳಿಸಿ, ಮೊದಲು ಬೆಳಕಿರುವ ಗೋಡೆಯ ಮೇಲೆ ಕ್ಲಿಕ್ ಮಾಡಬೇಕು. ಕೆಂಪಿನ ಲೆಕ್ಕದಲ್ಲಿ 190ರಿಂದ 238ರವರೆಗಿನ ಗೋಡೆ ಬಂತು. ಆಮೇಲೆ ಶಿಫ್ಟ್ ಕೀ ಒತ್ತಿ ಹಿಡಿದು ಮೂಲೆಯಲ್ಲಿ ಇನ್ನೊಂದು ಕ್ಲಿಕ್. ಈಗ 148ರಿಂದ 196ರವರೆಗಿನದೂ ಅದಕ್ಕೆ ಸೇರಿತು. 190ರಿಂದ 196ರವರೆಗೆ ಎರಡೂ ಒಂದರ ಮೇಲೊಂದು ಬಂದಿರುವುದರಿಂದ ನಡುವೆ ಪಟ್ಟಿ ಉಳಿಯುವುದಿಲ್ಲ. ಶರ್ಟಿನ 34 ಎಂಬ ವ್ಯತ್ಯಾಸ 24ಕ್ಕಿಂತ ಮೇಲಿದೆ, ಹಾಗಾಗಿ ಶರ್ಟು ಸುರಕ್ಷಿತ. ನುರಿತ ಡಿಟಿಪಿ ಆಪರೇಟರು ಟಾಲರೆನ್ಸ್ ಏರಿಸುವ ಬದಲು ಇಳಿಸಿ, ಹಲವು ಸಲ ಕ್ಲಿಕ್ ಮಾಡುವುದು ಇದಕ್ಕೇ.

ಕ್ಲಿಕ್ ಮಾಡಿದ ಆ ಒಂದು ಪಿಕ್ಸೆಲ್ಲೇ ಕೆಟ್ಟದ್ದಾಗಿದ್ದರೆ? ಮಬ್ಬು ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಗೋಡೆಯ ತುಂಬ ಸಣ್ಣ ಸಣ್ಣ ಕಾಳುಗಳಿರುತ್ತವೆ. ಅಂಥ ಒಂದು ಕಪ್ಪು ಚುಕ್ಕೆಯ ಮೇಲೆ ಕ್ಲಿಕ್ ಬಿದ್ದರೆ ಲೆಕ್ಕವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆಂದೇ ಫೋಟೋಶಾಪ್‌ನಲ್ಲಿ Sample Size ಇದೆ. ಅದನ್ನು 5 by 5 Average ಮಾಡಿದರೆ ಒಂದು ಪಿಕ್ಸೆಲ್ ಬದಲು ಸುತ್ತಲಿನ 25 ಪಿಕ್ಸೆಲ್‌ಗಳ ಸರಾಸರಿ ಆಧಾರವಾಗುತ್ತದೆ.

ಶರ್ಟಿನ ಮಡಿಕೆಗಳದ್ದು ಬೇರೆಯೇ ತಂಟೆ. ನೆರಳು ಬಿದ್ದ ಮಡಿಕೆಯಲ್ಲಿ ಬಿಳಿ ಬಟ್ಟೆ 205, 204, 203ಕ್ಕೆ ಇಳಿದಿರಬಹುದು. ಗೋಡೆಗೂ ಅದಕ್ಕೂ ವ್ಯತ್ಯಾಸ ಬರೀ 9. ಎದೆಯ ನಡುವಿನ ಮಡಿಕೆಯಾದರೆ ಭಯವಿಲ್ಲ; ಸುತ್ತಲೂ ಬೆಳ್ಳಗಿನ ಬಟ್ಟೆಯಿರುವುದರಿಂದ ಹರಿವು ಅಲ್ಲಿಗೆ ತಲುಪುವುದಿಲ್ಲ. ಫೋಟೋಶಾಪ್‌ನ Contiguous ಆಯ್ಕೆಯ ಗುರುತು ತೆಗೆದರೆ ಮಾತ್ರ ಈ ರಕ್ಷಣೆ ಹೋಗುತ್ತದೆ. ಆಗ ಟೂಲ್ ಹರಿಯುವುದಿಲ್ಲ, ಇಡೀ ಚಿತ್ರದಲ್ಲಿ ಆ ಬಣ್ಣ ಎಲ್ಲಿದ್ದರೂ ಹೆಕ್ಕಿಬಿಡುತ್ತದೆ. ಆದರೆ ಮಡಿಕೆ ತೋಳಿನ ಅಂಚಿನವರೆಗೂ ಬಂದಿದ್ದರೆ ಗೋಡೆಯಿಂದ ಶರ್ಟಿನೊಳಕ್ಕೆ ನೇರ ದಾರಿಯಾಯಿತು. ಫ್ಲೆಕ್ಸಿನ ಕಚ್ಚಿದ ತೋಳು ಹುಟ್ಟುವುದು ಹೀಗೆ. ಇದಕ್ಕೆ ಟಾಲರೆನ್ಸ್‌ನಲ್ಲಿ ಮದ್ದಿಲ್ಲ. ಲ್ಯಾಸೋ ಟೂಲ್ ಹಿಡಿದು, ಫೋಟೋಶಾಪ್‌ನಲ್ಲಾದರೆ ಆಲ್ಟ್, ಜಿಂಪ್‌ನಲ್ಲಾದರೆ ಕಂಟ್ರೋಲ್ ಒತ್ತಿ, ಹರಿದುಹೋದ ಭಾಗವನ್ನು ಕೈಯಿಂದಲೇ ಆಯ್ಕೆಯಿಂದ ಕಳೆಯಬೇಕು.

ಇನ್ನು ತಲೆಯ ಸುತ್ತಲಿನ ಬಿಳಿ ಗೆರೆ. ಕೂದಲು ಮುಗಿದು ಗೋಡೆ ಶುರುವಾಗುವ ಕಡೆ ಒಂದೇ ಪಿಕ್ಸೆಲ್ ಒಳಗೆ ಎರಡರ ಬಣ್ಣವೂ ಬೆರೆತಿರುತ್ತದೆ. ಕೂದಲಿನ ಕೆಂಪು 40, ಗೋಡೆಯದು 214 ಆದರೆ ಸರಿಪಾಲು ಬೆರೆತ ಪಿಕ್ಸೆಲ್ 127. ಗೋಡೆಗೂ ಅದಕ್ಕೂ 87ರ ಅಂತರ. ಮಿತಿ 24 ಇದ್ದಾಗ ಅದು ಆಯ್ಕೆಗೆ ಬರುವುದಿಲ್ಲ, ಗೋಡೆಯ ಅರ್ಧ ಬಣ್ಣ ಹೊತ್ತುಕೊಂಡು ತಲೆಯ ಜೊತೆಗೇ ಉಳಿಯುತ್ತದೆ. ತಿಳಿ ಹಿನ್ನೆಲೆಯ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲ. ಗಾಢ ನೀಲಿ ಬಣ್ಣದ ಮೇಲಿಟ್ಟು ಹತ್ತಡಿಗೆ ಹಿಗ್ಗಿಸಿದಾಗ ಎದ್ದು ಕಾಣುತ್ತದೆ. ಆದ್ದರಿಂದ ಅಳಿಸುವ ಮೊದಲು ಆಯ್ಕೆಯನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಬೇಕು. ಫೋಟೋಶಾಪ್‌ನ Select ಮೆನುವಿನಲ್ಲಿ Modify ಕೆಳಗೆ Expand, ಜಿಂಪ್‌ನಲ್ಲಿ Grow. ಅಳಿಸಿದ ಮೇಲೆ ಕೆಳಗೊಂದು ಕಡುಬಣ್ಣದ ಲೇಯರ್ ಹಾಕಿ ಪರೀಕ್ಷಿಸಿದರೆ ಉಳಿದ ಗೆರೆ, ಚುಕ್ಕೆಗಳೆಲ್ಲ ಕೂಡಲೇ ಕಾಣುತ್ತವೆ. ಡಿಲೀಟ್ ಒತ್ತುವ ಬದಲು ಲೇಯರ್ ಮಾಸ್ಕ್ ಹಾಕಿದ್ದರೆ ತಪ್ಪಿ ಹೋದ ತೋಳನ್ನು ಬಿಳಿ ಬ್ರಷ್‌ನಿಂದ ಮತ್ತೆ ತರಬಹುದು. ಕೊನೆಗೆ ಫೈಲನ್ನು ಪಿಎನ್‌ಜಿ ಆಗಿ ಉಳಿಸಬೇಕು. ಜೆಪೆಗ್‌ನಲ್ಲಿ ಪಾರದರ್ಶಕ ಭಾಗ ಉಳಿಯುವುದಿಲ್ಲ.

ಜೆಪೆಗ್‌ನದು ಇನ್ನೂ ಒಂದು ತೊಂದರೆಯಿದೆ. ಅದು ಚಿತ್ರವನ್ನು 8x8 ಪಿಕ್ಸೆಲ್‌ಗಳ ಚೌಕಗಳಾಗಿ ಮಾಡಿ, ಪ್ರತಿ ಚೌಕದ ಸೂಕ್ಷ್ಮ ವಿವರವನ್ನು ಕಡಿಮೆ ಮಾಡುತ್ತದೆ. ಕಪ್ಪು ಕೂದಲು ಮತ್ತು ತಿಳಿ ಗೋಡೆ ಒಂದೇ ಚೌಕದಲ್ಲಿದ್ದರೆ ಗೋಡೆಯ ಮೇಲೆ ಮಸುಕು ಕಲೆಗಳು ಮೂಡುತ್ತವೆ. ವ್ಯಾಂಡ್ ಅವನ್ನು ಬಿಟ್ಟು ಸುತ್ತಲಿನದನ್ನಷ್ಟೇ ಹಿಡಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದ ಚಿತ್ರ ಇನ್ನಷ್ಟು ಕುಗ್ಗಿರುತ್ತದೆ. ಹಿನ್ನೆಲೆ ಅಳಿಸಬೇಕಾದ ಫೋಟೋವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡರೆ ಕ್ಯಾಮೆರಾದಿಂದ ಬಂದ ಫೈಲೇ ಕೈಗೆ ಸಿಗುತ್ತದೆ, ಈ ಕಲೆಗಳು ಅಷ್ಟರಮಟ್ಟಿಗೆ ಕಡಿಮೆ.