‘ಇಲ್ಲ’ ಎಂದು ಬರೆಯುವಾಗ

ಅಕೌಂಟೆಂಟ್ ಹುದ್ದೆಗೆ ಆ ಹುಡುಗಿಯೇ ಬರಲಿ ಎಂದು ಎಚ್‌ಆರ್ ಅಧಿಕಾರಿ ಆಸೆಪಟ್ಟಿದ್ದಳು. ಆದರೆ ಸಂದರ್ಶನ ಸಮಿತಿ ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಅನುಭವವಿದ್ದ ಇನ್ನೊಬ್ಬರನ್ನು ಆರಿಸಿತು. ಅವರು ಆಫರ್ ಒಪ್ಪಿದ ಮೇಲೆ ಈಕೆ ಪತ್ರ ಬರೆಯಲು ಕೂತಳು.

ಮೊದಲ ಕರಡಿನಲ್ಲಿ ಮೂರು ಸಾಲು ಬರೀ ಹೊಗಳಿಕೆ. ಅದನ್ನು ಓದಿದವರು ಕೆಲಸ ಸಿಕ್ಕಿತೆಂದೇ ಅಂದುಕೊಳ್ಳುತ್ತಾರೆ. ಹಾಗಾಗಿ ನಿರ್ಧಾರವನ್ನು ಮೊದಲ ಸಾಲಿಗೇ ತಂದಳು. ‘ಮುಂದೆ ಖಂಡಿತ ಕರೆಯುತ್ತೇವೆ’ ಎಂಬುದನ್ನು ಅಳಿಸಿದಳು. ಹೊಸ ಹುದ್ದೆ ಮಂಜೂರು ಮಾಡುವುದು ಅವಳ ಕೈಯಲ್ಲಿಲ್ಲ, ಆ ಮಾತು ನಂಬಿ ಹುಡುಗಿ ಬೇರೆ ಆಫರ್ ಬಿಟ್ಟಾಳು.

ಕೊನೆಗೆ ಕಳಿಸಿದ್ದು ಇಷ್ಟು: ‘ಈ ಹುದ್ದೆಗೆ ಬೇರೆಯವರನ್ನು ಆರಿಸಿದ್ದೇವೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಅನುಭವ ನಮಗೆ ತಕ್ಷಣ ಬೇಕಿತ್ತು. ಪರೀಕ್ಷೆಯ ಲೆಡ್ಜರ್‌ನಲ್ಲಿ ಎರಡು ಸಲ ನಮೂದಾಗಿದ್ದ ಬಿಲ್ಲನ್ನು ನೀವು ಪತ್ತೆಹಚ್ಚಿದ ರೀತಿ ನನಗೆ ಬಹಳ ಹಿಡಿಸಿತು.’