ಅಮ್ಮನ ಟಿವಿಯಲ್ಲಿ ಬರೀ ಕೊಲೆ ಯಾಕೆ?

ಇವತ್ತು ರಾಜಕೀಯ ಬೇಡ, ನಮ್ಮ ಮನೆಯ ಟಿವಿ ವಿಚಾರ ಮಾತಾಡೋಣ. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮಮ್ಮ ರಿಮೋಟ್ ಹಿಡ್ಕೊಂಡು ಕೂಗಿದರು: “ಲೋ, ಏನೋ ಇದು? ಯಾವಾಗ ಹಾಕಿದ್ರೂ ಬರೀ ಕೊಲೆ, ರಕ್ತ, ಪೊಲೀಸು. ಕನ್ನಡ ಪಿಕ್ಚರೇ ಇಲ್ವಾ ಇದ್ರಲ್ಲಿ?”

ಇತ್ತು. ಅದೇ ಆ್ಯಪ್‌ನಲ್ಲಿ ಕನ್ನಡ ಚಿತ್ರಗಳು ಸಾಕಷ್ಟಿದ್ದವು. ಅಮ್ಮನ ಪರದೆಗೆ ಬರ್ತಾ ಇರಲಿಲ್ಲ, ಅಷ್ಟೇ. ಆ್ಯಪ್ ಹೆಸರು ಬೇಡ, ಯಾಕಂದ್ರೆ ತಪ್ಪು ಅದರದ್ದಲ್ಲ, ನನ್ನದು. ಅದು ಹೇಗೆ ಅಂತ ಹೇಳ್ತೀನಿ.

ರಾತ್ರಿ ಬುಲೆಟಿನ್ ಮುಗಿಸಿ ನಾನು ಮನೆ ಸೇರೋದು ಹನ್ನೊಂದೂವರೆಗೆ. ಊಟ ಮಾಡ್ತಾ ಒಂದು ಕ್ರೈಂ ಸೀರೀಸ್ ಹಾಕ್ತೀನಿ, ಹತ್ತು ನಿಮಿಷದಲ್ಲಿ ಸೋಫಾ ಮೇಲೆ ನಿದ್ದೆ. ಒಂದು ಎಪಿಸೋಡ್ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುತ್ತೆ. ಮೂರು ಎಪಿಸೋಡ್ ಆದ ಮೇಲೆ “ಇನ್ನೂ ನೋಡ್ತಾ ಇದ್ದೀರಾ?” ಅಂತ ಕೇಳಿ ನಿಂತಿತು ಅಂತಿಟ್ಟುಕೊಳ್ಳಿ. ಮುಕ್ಕಾಲು ಗಂಟೆಯ ಮೂರು ಎಪಿಸೋಡ್ ಅಂದ್ರೆ ರಾತ್ರಿಗೆ ಎರಡೂಕಾಲು ಗಂಟೆ. ವಾರಕ್ಕೆ ನಾಲ್ಕು ರಾತ್ರಿ ಹೀಗಾದರೆ ಒಂಬತ್ತು ಗಂಟೆ. ಅದೇ ವಾರ ಅಮ್ಮ ನೋಡಿದ್ದು ಎರಡು ಕನ್ನಡ ಸಿನಿಮಾ, ಐದು ಗಂಟೆ. ಇಬ್ಬರೂ ಬಳಸಿದ್ದು ಒಂದೇ ಪ್ರೊಫೈಲ್.

ಆ್ಯಪ್‌ಗೆ ಅಮ್ಮ ಯಾರು, ಮಗ ಯಾರು ಗೊತ್ತಿಲ್ಲ. ಯಾರು ಎಚ್ಚರ ಇದ್ದರು, ಯಾರು ಗೊರಕೆ ಹೊಡೀತಿದ್ದರು ಅನ್ನೋದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಒಂದು ಪ್ರೊಫೈಲ್ ಮತ್ತು ಆ ಪ್ರೊಫೈಲ್‌ನ ಹೆಸರಲ್ಲಿ ಬರೆದಿಟ್ಟ ಲೆಕ್ಕ: ಯಾವುದನ್ನು ಒತ್ತಿದರು, ಎಷ್ಟು ನಿಮಿಷ ಓಡಿಸಿದರು, ಎಲ್ಲಿ ಬಿಟ್ಟರು, ಯಾವ ಹೊತ್ತಿನಲ್ಲಿ ನೋಡಿದರು. ಲೆಕ್ಕದ ಪ್ರಕಾರ ನಮ್ಮ ಮನೆಯಲ್ಲಿರೋದು ಕೊಲೆಯ ಕಥೆ ಇಷ್ಟಪಡುವ ಒಬ್ಬ ವ್ಯಕ್ತಿ. ಕೂಡಿಸಿದ್ದು ಸರಿಯಾಗೇ ಇದೆ, ಬರೆದುಕೊಂಡ ಪುಸ್ತಕ ಮಾತ್ರ ತಪ್ಪು.

ಈ ಪಟ್ಟಿಗೆ ಯಾಕಿಷ್ಟು ಮಹತ್ವ? ನೆಟ್‌ಫ್ಲಿಕ್ಸ್‌ನ ಇಬ್ಬರು ಅಧಿಕಾರಿಗಳೇ 2015ರಲ್ಲಿ ಬರೆದು ಪ್ರಕಟಿಸಿದ ವಿಷಯ ಇದು. ತಮ್ಮಲ್ಲಿ ಜನ ನೋಡುವ ಹತ್ತು ಗಂಟೆಯಲ್ಲಿ ಸುಮಾರು ಎಂಟು ಗಂಟೆ ಶಿಫಾರಸಿನಿಂದಲೇ ಬರುತ್ತೆ, ಉಳಿದದ್ದು ಹುಡುಕಾಟದಿಂದ ಅಂದರು. ಇನ್ನೊಂದು ಮಾತನ್ನೂ ಹೇಳಿದರು. ಸಾಮಾನ್ಯ ವೀಕ್ಷಕ ಹತ್ತಿಪ್ಪತ್ತು ಹೆಸರು ನೋಡಿ, 60ರಿಂದ 90 ಸೆಕೆಂಡಿನಲ್ಲಿ ಆಸಕ್ತಿ ಕಳ್ಕೊಳ್ತಾನೆ. ಅಂದ್ರೆ ಆ್ಯಪ್‌ನಲ್ಲಿ ಸಾವಿರಾರು ಸಿನಿಮಾ ಇದ್ದರೂ ನಿಮ್ಮ ಪಾಲಿಗೆ ಇರೋದು ಮೊದಲ ಇಪ್ಪತ್ತೇ. ಇಪ್ಪತ್ತೊಂದನೆಯದು ಇದ್ದೂ ಇಲ್ಲದ ಹಾಗೆ.

ಹಾಗಾದ್ರೆ ಆ ಇಪ್ಪತ್ತನ್ನು ಆರಿಸೋದು ಹೇಗೆ? ಇಂಜಿನಿಯರಿಂಗ್‌ನಲ್ಲಿ ಮ್ಯಾಟ್ರಿಕ್ಸ್ ಓದುವಾಗ ಇದೆಲ್ಲ ಯಾವ ಕಾಲಕ್ಕೆ ಬೇಕು ಅಂತ ಗೊಣಗಿದ್ದೆ. ಇದೇ ಕಾಲಕ್ಕೆ ಬೇಕಿತ್ತು. ಒಂದು ದೊಡ್ಡ ಕೋಷ್ಟಕ ಊಹಿಸಿಕೊಳ್ಳಿ. ಸಾಲುಗಳಲ್ಲಿ ವೀಕ್ಷಕರು, ಕಂಬಗಳಲ್ಲಿ ಸಿನಿಮಾಗಳು. ಯಾರು ಏನು ನೋಡಿದರೋ ಆ ಮನೆಯಲ್ಲಿ ಒಂದು ಗುರುತು. ಬಹುತೇಕ ಮನೆಗಳು ಖಾಲಿ. ಖಾಲಿ ಮನೆಯಲ್ಲಿ ಏನಿರಬಹುದು ಅಂತ ಅಂದಾಜು ಮಾಡೋದೇ ಶಿಫಾರಸು. ನಿಮ್ಮ ಹಾಗೇ ಗುರುತು ಇರುವವರು ಇನ್ನೇನು ನೋಡಿದ್ದಾರೆ ಅನ್ನೋದರ ಮೇಲೆ ಆ ಅಂದಾಜು ನಿಂತಿರುತ್ತೆ. ಇದನ್ನು ಉತ್ತಮಪಡಿಸಲು ನೆಟ್‌ಫ್ಲಿಕ್ಸ್ 2006ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಯನ್ನೇ ಇಟ್ಟಿತ್ತು. ಅಂದಾಜಿನ ತಪ್ಪನ್ನು ಶೇಕಡ 10ರಷ್ಟು ಇಳಿಸಿ ಅಂತ ಸವಾಲು. ಅಷ್ಟು ಇಳಿಸೋಕೆ 2009 ಆಯ್ತು.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಕನ್ನಡ ಸಿನಿಮಾ ಯಾಕೆ ಕಾಣಲ್ಲ? ಒಂದು ಲೆಕ್ಕ ಮಾಡೋಣ, ಅಂಕಿಗಳು ಉದಾಹರಣೆಗೆ ನಾನೇ ಇಟ್ಟವು. ಅಮ್ಮ ಒಂದು ಹಳ್ಳಿ ಕಥೆಯ ಸಿನಿಮಾ ನೋಡಿದರು. ಅದನ್ನು ನೋಡಿದ ಇತರರಲ್ಲಿ 400 ಜನ ಒಂದು ದೊಡ್ಡ ಕ್ರೈಂ ಸೀರೀಸ್ ಕೂಡ ನೋಡಿದ್ದಾರೆ, 80 ಜನ ಮಾತ್ರ ಒಂದು ಸಣ್ಣ ಕನ್ನಡ ಚಿತ್ರ ನೋಡಿದ್ದಾರೆ. ಬರೀ ತಲೆ ಎಣಿಸಿದರೆ ಕ್ರೈಂ ಸೀರೀಸ್ ಐದು ಪಟ್ಟು ಮುಂದೆ.

ಆದರೆ ಆ ಕ್ರೈಂ ಸೀರೀಸನ್ನು ನೋಡಿದವರು ಒಟ್ಟು 10,000 ಜನ. ಅದರಲ್ಲಿ 400 ಅಂದ್ರೆ ಶೇಕಡ 4. ಕನ್ನಡ ಚಿತ್ರವನ್ನು ನೋಡಿದ್ದೇ 400 ಜನ. ಅದರಲ್ಲಿ 80 ಅಂದ್ರೆ ಶೇಕಡ 20. ಈ ಲೆಕ್ಕದಲ್ಲಿ ಕನ್ನಡ ಚಿತ್ರವೇ ಐದು ಪಟ್ಟು ಮುಂದೆ! ಅದೇ ಅಮ್ಮ, ಅದೇ ಎರಡು ಹೆಸರು, ಎಣಿಸುವ ರೀತಿ ಬದಲಾದ ಕೂಡಲೇ ಉತ್ತರ ತಲೆಕೆಳಗು.

ಹಾಗಿದ್ರೆ ಎರಡನೇ ಲೆಕ್ಕವನ್ನೇ ಇಟ್ಕೋಬಹುದಲ್ಲ ಅಂತೀರಾ? ಅಲ್ಲೂ ಒಂದು ತೊಡಕಿದೆ. ಯಾವುದೋ ಸಿನಿಮಾವನ್ನು ನಾಲ್ಕೇ ಜನ ನೋಡಿ, ಅದರಲ್ಲಿ ಇಬ್ಬರು ಅಮ್ಮನ ಸಿನಿಮಾವನ್ನೂ ನೋಡಿದ್ದರೆ ಶೇಕಡ 50 ಆಗಿಬಿಡುತ್ತೆ. ಅದು ಬರೀ ಕಾಕತಾಳೀಯ ಇರಬಹುದು. ಹಾಗಾಗಿ ಇಂಜಿನಿಯರುಗಳು ಸಣ್ಣ ಸಂಖ್ಯೆಯ ಅಂಕವನ್ನು ಬೇಕಂತಲೇ ತಗ್ಗಿಸ್ತಾರೆ. ಗಣಿತದ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಪೆಟ್ಟು ಬೀಳೋದು ಕಡಿಮೆ ಜನ ನೋಡಿದ ಚಿತ್ರಕ್ಕೆ. ಕಡಿಮೆ ಜನ ನೋಡಿದ್ದಕ್ಕೆ ತೋರಿಸಲ್ಲ, ತೋರಿಸದೇ ಇದ್ದಿದ್ದಕ್ಕೆ ಯಾರೂ ನೋಡಲ್ಲ. ನಮ್ಮ ಭಾಷೆಯ ಎಷ್ಟೋ ಒಳ್ಳೆ ಸಿನಿಮಾಗಳು ಈ ಸುಳಿಯಲ್ಲಿ ಸಿಕ್ಕಿಬೀಳಬಹುದು. ಆ್ಯಪ್‌ಗೆ ಕನ್ನಡದ ಮೇಲೆ ದ್ವೇಷವೇನೂ ಬೇಕಿಲ್ಲ, ಎಣಿಕೆಯೊಂದೇ ಸಾಕು.

ಇನ್ನೊಂದು ಸಂಗತಿ. ನೋಡಿದ್ದನ್ನೇ ಮತ್ತೆ ತೋರಿಸ್ತಾ ಇದೆ ಅಂತ ನಿಮಗೆ ಗೊತ್ತಾಗದೇ ಇರಬಹುದು, ಯಾಕಂದ್ರೆ ಅದು ಅಂಗಿ ಬದಲಿಸಿ ಬರುತ್ತೆ. 2017ರಲ್ಲಿ ನೆಟ್‌ಫ್ಲಿಕ್ಸ್ ತಾನೇ ಕೊಟ್ಟ ಉದಾಹರಣೆ ‘ಗುಡ್ ವಿಲ್ ಹಂಟಿಂಗ್’ ಚಿತ್ರದ್ದು. ಪ್ರೇಮಕಥೆ ನೋಡುವವರಿಗೆ ನಾಯಕ ನಾಯಕಿಯ ಚಿತ್ರ, ಹಾಸ್ಯ ನೋಡುವವರಿಗೆ ರಾಬಿನ್ ವಿಲಿಯಮ್ಸ್ ಮುಖ. ಸಿನಿಮಾ ಒಂದೇ. ಹಾಗಾಗಿ ಪೋಸ್ಟರ್ ನೋಡ್ಬೇಡಿ, ಹೆಸರು ಓದಿ.

ಸರಿ, ಬಿಡಿಸಿಕೊಳ್ಳೋದು ಹೇಗೆ? ನಾನು ಮನೆಯಲ್ಲಿ ಮಾಡಿದ್ದು ಮೂರೇ ಕೆಲಸ.

ಮೊದಲನೆಯದು, ಪ್ರೊಫೈಲ್ ಬೇರೆ ಮಾಡಿದೆ. ಅಮ್ಮನಿಗೊಂದು, ನನಗೊಂದು. ಹೊಸ ಪ್ರೊಫೈಲ್‌ನ ಪುಸ್ತಕ ಖಾಲಿ ಇರುತ್ತೆ, ಹಾಗಾಗಿ ಮೊದಲ ಕೆಲವು ಆಯ್ಕೆಗಳ ಪ್ರಭಾವ ದೊಡ್ಡದು. ಶುರುವಿನಲ್ಲಿ ಇಷ್ಟದ ಹೆಸರು ಆರಿಸಿ ಅಂತ ಕೇಳಿದರೆ ಬೇಸರ ಪಟ್ಟು ದಾಟಿಸಬೇಡಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸ್ಕೊಂಡು ಆರಿಸಿ.

ಎರಡನೆಯದು, ಹಳೇ ಲೆಕ್ಕ ಅಳಿಸಿದೆ. ನೆಟ್‌ಫ್ಲಿಕ್ಸ್ ಇರುವವರು ಇದನ್ನು ಮೊಬೈಲ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಮಾಡಿದರೆ ಸುಲಭ. ಅಕೌಂಟ್‌ಗೆ ಹೋಗಿ, ನಿಮ್ಮ ಪ್ರೊಫೈಲ್ ಒತ್ತಿ, `Viewing activity` ತೆರೆಯಿರಿ. ನೋಡಿದ್ದೆಲ್ಲ ದಿನಾಂಕದ ಜೊತೆ ಸಿಗುತ್ತೆ. ಬೇಡದ್ದರ ಪಕ್ಕದ ಗುರುತು ಒತ್ತಿದರೆ ಅದು ಮರೆಯಾಗುತ್ತೆ, 24 ಗಂಟೆಯೊಳಗೆ ಶಿಫಾರಸಿನ ಲೆಕ್ಕದಿಂದಲೂ ಹೋಗುತ್ತೆ. ಸೀರೀಸ್ ಆದರೆ ಒಂದೊಂದೇ ಎಪಿಸೋಡ್ ಬೇಡ, ಇಡೀ ಸೀರೀಸನ್ನೇ ಮರೆಮಾಡಿ. ಯೂಟ್ಯೂಬ್‌ನಲ್ಲೂ ತತ್ವ ಅದೇ. `Not interested` ಅಂತ ಒತ್ತೋದು ಆ ಒಂದು ವಿಡಿಯೋಗೆ ಹೇಳಿದ ಹಾಗೆ, `Don't recommend channel` ಅನ್ನೋದು ಆ ಚಾನೆಲ್‌ಗೆ. ಬೇರಿರೋದು ನೋಡಿದ್ದರ ಹಿಸ್ಟರಿಯಲ್ಲಿ, ಅಲ್ಲಿ ಆ ವಿಡಿಯೋಗಳನ್ನು ತೆಗೆಯಿರಿ.

ಇದರ ಜೊತೆಗೇ ನಿದ್ದೆಯ ಬಾಗಿಲನ್ನೂ ಮುಚ್ಚಬೇಕು. ಮುಂದಿನ ಎಪಿಸೋಡ್ ತಾನಾಗಿ ಓಡುವುದನ್ನು ನಿಲ್ಲಿಸುವ ಆಯ್ಕೆ ಪ್ರೊಫೈಲ್‌ನಲ್ಲೇ ಇದೆ, ನೆಟ್‌ಫ್ಲಿಕ್ಸ್‌ನಲ್ಲಿ `Playback settings` ಒಳಗೆ. ಇದನ್ನು ಬಿಟ್ಟರೆ ಅಳಿಸಿದ ಪುಸ್ತಕವನ್ನು ವಾರದಲ್ಲಿ ಮತ್ತೆ ನಿದ್ದೆಗಣ್ಣಲ್ಲೇ ತುಂಬಿಸ್ತೀವಿ.

ಮೂರನೆಯದು, ಮುಂಬಾಗಿಲಿಂದ ಹೋಗೋದು ಬಿಟ್ಟು ಹುಡುಕಾಟದಿಂದ ಹೋಗೋದು. ನಟರ, ನಿರ್ದೇಶಕರ ಹೆಸರು ಟೈಪ್ ಮಾಡಿ. ಯೂಟ್ಯೂಬ್‌ನಲ್ಲಿ ಅಮ್ಮ ಹುಡುಕಿದ್ದು ಪುಟ್ಟಣ್ಣ ಕಣಗಾಲ್ ಅಂತ. ನೆಟ್‌ಫ್ಲಿಕ್ಸ್‌ನಲ್ಲಿ ಬ್ರೌಸರ್‌ನಿಂದ ವಿಭಾಗದ ಬಾಗಿಲನ್ನೇ ನೇರವಾಗಿ ತೆರೆಯಬಹುದು. ಸಾಕ್ಷ್ಯಚಿತ್ರಗಳದ್ದು ಇದು:

```
netflix.com/browse/genre/6839
```

ಹೀಗೆ ಹುಡುಕಿದ್ದನ್ನು ಪೂರ್ತಿ ನೋಡಿ. ಐದು ನಿಮಿಷ ನೋಡಿ ಬಿಟ್ಟರೆ ಇಷ್ಟವಾಗಲಿಲ್ಲ ಅಂತ ತಿಳ್ಕೊಳ್ಳೋ ಸಾಧ್ಯತೆ ಇದೆ.

ಕೆಲಸ ಆಯ್ತೋ ಇಲ್ವೋ ತಿಳಿಯೋದು ಹೇಗೆ? ನಾನು ಮೊದಲ ದಿನ ಪರದೆಯ ಮೊದಲ ಇಪ್ಪತ್ತು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟೆ. ಹದಿನಾಲ್ಕು ಕೊಲೆ ಕೇಸು, ಒಂದೇ ಒಂದು ಕನ್ನಡ ಚಿತ್ರ. ಹತ್ತು ದಿನ ಬಿಟ್ಟು ಅಮ್ಮನ ಪ್ರೊಫೈಲ್‌ನಲ್ಲಿ ಮತ್ತೆ ಬರೆದೆ. ಕೊಲೆ ನಾಲ್ಕಕ್ಕೆ ಇಳಿದಿತ್ತು, ಕನ್ನಡ ಏಳಕ್ಕೆ ಏರಿತ್ತು. ನೆನಪಿನ ಮೇಲೆ ನಂಬಿಕೆ ಇಡಬೇಡಿ, ಬರೆದಿಡಿ.

ಆ ನಾಲ್ಕು ಯಾಕೆ ಉಳಿದವು? ಕೆಲವು ಸಾಲು ನಿಮಗಾಗಿ ಮಾಡಿದ್ದೇ ಅಲ್ಲ. ‘ಟಾಪ್ 10’ ಅಂತ ಬರೋದು ದೇಶದಲ್ಲಿ ಹೆಚ್ಚು ಜನ ನೋಡಿದ್ದರ ಪಟ್ಟಿ, ನಿಮ್ಮ ಹಿಸ್ಟರಿ ಅಳಿಸಿದರೂ ಅದರ ಹೆಸರುಗಳು ಹಾಗೇ ಇರುತ್ತವೆ. ಇನ್ನು ಆ್ಯಪ್ ಹಕ್ಕು ಕೊಂಡಿರದ ಸಿನಿಮಾವನ್ನು ಯಾವ ಸೆಟ್ಟಿಂಗ್ ಕೂಡ ತಂದುಕೊಡಲ್ಲ.

ಮೊನ್ನೆ ರಾತ್ರಿ ನಾನು ಬಂದಾಗ ಅಮ್ಮ ಇನ್ನೂ ಎದ್ದೇ ಇದ್ದರು, ಕಪ್ಪು ಬಿಳುಪಿನ ಹಳೇ ಚಿತ್ರ ಓಡ್ತಿತ್ತು. ಮುಗಿಯುವ ತನಕ ಸುಮ್ಮನೆ ಕೂತೆ. ಮುಗಿದ ಮೇಲೆ ರಿಮೋಟ್ ನನ್ನ ಕೈಗೆ ಕೊಟ್ಟು ಹೇಳಿದರು: “ತಗೋ. ನಿಂದು ನೀನು ನೋಡು. ನನ್ನ ಹೆಸರಲ್ಲಿ ಮಾತ್ರ ಮಲಗ್ಬೇಡ.”