ಕಮಲಾ ಭತ್ತ ಕುಲಾಂತರಿಯೇ?

ಸಿಂಧನೂರು, ಗಂಗಾವತಿ ಕಡೆಯ ಭತ್ತದ ರೈತರಿಗೆ ಬಿಪಿಟಿ 5204 ಹೊಸ ಹೆಸರೇನಲ್ಲ. ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಈ ಸಾಂಬಾ ಮಸೂರಿ ತಳಿಯ ಸಣ್ಣಕ್ಕಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ದಶಕಗಳಿಂದ ಬೆಳೆಯುತ್ತಿದೆ. ಅನ್ನ ರುಚಿ, ಮಾರುಕಟ್ಟೆಯಲ್ಲಿ ಬೇಡಿಕೆಯೂ ಇದೆ. ಆದರೆ ಕೊಯ್ಲಿಗೆ ಬರಲು ಐದು ತಿಂಗಳ ಆಸುಪಾಸು ಬೇಕು, ಅಷ್ಟು ದಿನ ಕಾಲುವೆಯಲ್ಲಿ ನೀರೂ ಇರಬೇಕು.

2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವರು ಜೀನೋಮ್ ಎಡಿಟಿಂಗ್‌ನಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಡಿಎಸ್‌ಟಿ ರೈಸ್ 1. ಇನ್ನೊಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿಯನ್ನೇ ತಿದ್ದಿ ಮಾಡಿದ ಡಿಆರ್‌ಆರ್ ಧಾನ್ 100, ಅಂದರೆ ‘ಕಮಲಾ’. ಮೂಲ ತಳಿಗಿಂತ ಸುಮಾರು 20 ದಿನ ಮೊದಲೇ ಕೊಯ್ಲು, ಸರಾಸರಿ ಶೇ 19ರಷ್ಟು ಹೆಚ್ಚು ಇಳುವರಿ ಎಂಬುದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಹೇಳಿಕೆ. ಪ್ರಕಟಣೆಯ ಬೆನ್ನಿಗೇ ಹಳೆಯ ಪ್ರಶ್ನೆಯೂ ಎದ್ದಿತು: ಇದು ಕುಲಾಂತರಿ ಅಲ್ಲವೇ?

ಉತ್ತರಕ್ಕೆ ಮೊದಲು ಬಿಟಿ ಹತ್ತಿಯನ್ನು ನೋಡಬೇಕು. 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ ಆ ಹತ್ತಿಯಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಇದೆ. ಅದು ತಯಾರಿಸುವ ಪ್ರೋಟೀನು ಕಾಯಿಕೊರಕದ ಹೊಟ್ಟೆ ಸೇರಿ ಕರುಳನ್ನು ಹಾಳುಮಾಡುತ್ತದೆ. ಜೀನ್ ಸೇರಿದ ಕೋಶಗಳನ್ನು ಗುರುತಿಸಲು ಬಳಸಿದ ಆ್ಯಂಟಿಬಯಾಟಿಕ್ ನಿರೋಧಕ ಜೀನ್‌ಗಳೂ ಅದರ ಜೊತೆಗೇ ಉಳಿದವು. ಹತ್ತಿಯ ಯಾವ ಕ್ರೋಮೋಸೋಮಿನ ಯಾವ ಜಾಗದಲ್ಲಿ ಈ ಸರಕು ಕೂರಬೇಕೆಂದು ವಿಜ್ಞಾನಿ ತೀರ್ಮಾನಿಸುವಂತಿರಲಿಲ್ಲ. ಕೂತಲ್ಲೇ ಕೂರಿಸಿಕೊಂಡು, ನೂರಾರು ಗಿಡಗಳಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳಬೇಕಿತ್ತು.

ಕಮಲಾದ ಕಥೆ ಬೇರೆ. ಭತ್ತದ ಒಂದನೇ ಕ್ರೋಮೋಸೋಮಿನಲ್ಲಿ ಸಿಕೆಎಕ್ಸ್2 ಎಂಬ ಜೀನ್ ಇದೆ. ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನನ್ನು ಒಡೆಯುವ ಕಿಣ್ವವನ್ನು ಅದು ತಯಾರಿಸುತ್ತದೆ. ತೆನೆ ರೂಪುಗೊಳ್ಳುವ ತುದಿಯಲ್ಲಿ ಈ ಹಾರ್ಮೋನು ಹೆಚ್ಚಿದ್ದರೆ ಕವಲುಗಳೂ ಕಾಳುಗಳೂ ಹೆಚ್ಚುತ್ತವೆ. ಕಿಣ್ವದ ಕೆಲಸ ಕುಗ್ಗಿದರೆ ಕಾಳು ಜಾಸ್ತಿ ಎಂಬುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದರು. ಅವರು ಅದನ್ನು ಕಂಡದ್ದು ಹಬಾಟಾಕಿ ಎಂಬ ತಳಿಯಲ್ಲಿ. ಅಲ್ಲಿ ಈ ಜೀನ್ ಸಹಜವಾಗಿಯೇ ದುರ್ಬಲವಾಗಿತ್ತು. ಹಾಗಾದರೆ ಹಬಾಟಾಕಿಯನ್ನೇ ಸಾಂಬಾ ಮಸೂರಿಯೊಂದಿಗೆ ಸಂಕರ ಮಾಡಬಹುದಿತ್ತಲ್ಲ? ಮಾಡಬಹುದು. ಆದರೆ ಬೇಕಾದ ಜೀನ್‌ನ ಅಕ್ಕಪಕ್ಕದ ಬೇಡದ ಗುಣಗಳೂ ಅಂಟಿಕೊಂಡು ಬರುತ್ತವೆ. ಅವನ್ನು ಕಳಚಲು ತಲೆಮಾರುಗಟ್ಟಲೆ ಮರುಸಂಕರ ಮಾಡಬೇಕು, ಅಷ್ಟಾದರೂ ಅಕ್ಕಿಯ ಗುಣ ಹಾಗೆಯೇ ಉಳಿದೀತೆಂಬ ಖಾತ್ರಿಯಿಲ್ಲ.

ಎಡಿಟಿಂಗ್ ಈ ಸುತ್ತುದಾರಿಯನ್ನು ತಪ್ಪಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಕ್ರಿಸ್ಪರ್-ಕ್ಯಾಸ್9 ವಿಧಾನದಲ್ಲಿ 20 ಅಕ್ಷರಗಳ ಮಾರ್ಗದರ್ಶಿ ಆರ್‌ಎನ್‌ಎ ಗುರಿ ಜಾಗವನ್ನು ಹುಡುಕಿಕೊಡುತ್ತದೆ, ಕ್ಯಾಸ್9 ಪ್ರೋಟೀನು ಅಲ್ಲಿ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಆಮೇಲಿನ ಕೆಲಸ ಕೋಶದ್ದೇ. ಅವಸರದಲ್ಲಿ ತುದಿಗಳನ್ನು ಜೋಡಿಸುವಾಗ ಒಂದೆರಡು ಅಕ್ಷರ ಬಿಟ್ಟುಹೋಗುವುದು, ಇಲ್ಲವೇ ಸೇರಿಕೊಳ್ಳುವುದು ಸಾಮಾನ್ಯ. ಕೋಶ ಜೀನನ್ನು ಮೂರು ಮೂರು ಅಕ್ಷರಗಳಾಗಿ ಓದುವುದರಿಂದ, ಒಂದೇ ಅಕ್ಷರ ಹೋದರೂ ಮುಂದಿನ ಓದೆಲ್ಲ ಜಾರಿ ಕಿಣ್ವ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿನ ಅಕ್ಷರವನ್ನು ಸೇರಿಸದ ಈ ಬಗೆಗೆ ಎಸ್‌ಡಿಎನ್-1 ಎಂದು ಹೆಸರು. ಚಿಕ್ಕ ಮಾದರಿಯೊಂದನ್ನು ಕೊಟ್ಟು, ಅದರಂತೆ ಕೆಲವು ಅಕ್ಷರಗಳನ್ನು ತಿದ್ದಿಸಿದರೆ ಎಸ್‌ಡಿಎನ್-2. ಇಡೀ ಜೀನನ್ನೇ ಗೊತ್ತಾದ ಜಾಗದಲ್ಲಿ ಕೂರಿಸಿದರೆ ಎಸ್‌ಡಿಎನ್-3.

ಎಡಿಟಿಂಗ್‌ನ ಮಿತಿಯೂ ಇಲ್ಲೇ ಕಾಣುತ್ತದೆ. ಗಿಡದಲ್ಲಿ ಇರುವುದನ್ನು ಎಸ್‌ಡಿಎನ್-1 ಕೆಡಿಸಬಲ್ಲದು, ಇಲ್ಲದ್ದನ್ನು ತರಲಾರದು. ಹತ್ತಿಗೆ ಬಿಟಿ ಪ್ರೋಟೀನು ಬೇಕೆಂದರೆ ಹೊರಗಿನ ಜೀನ್ ತರಲೇಬೇಕು. ಒಂದು ವಿಧಾನ ಬಂತೆಂದು ಇನ್ನೊಂದು ಮೂಲೆ ಸೇರುವುದಿಲ್ಲ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಭತ್ತವನ್ನು ಎಡಿಟ್ ಮಾಡುವಾಗ ಕ್ಯಾಸ್9 ಜೀನನ್ನು ಹೆಚ್ಚಾಗಿ ಅಗ್ರೊಬ್ಯಾಕ್ಟೀರಿಯಮ್ ಮೂಲಕವೇ ಕೋಶಕ್ಕೆ ಸೇರಿಸುತ್ತಾರೆ, ಜೊತೆಗೆ ಹೈಗ್ರೊಮೈಸಿನ್ ನಿರೋಧಕ ಜೀನೂ ಹೋಗುತ್ತದೆ. ಅಂದರೆ ಮೊದಲ ತಲೆಮಾರಿನ ಗಿಡ ಅಪ್ಪಟ ಕುಲಾಂತರಿ! ಅದನ್ನು ಕಳಚುವುದು ಮೆಂಡೆಲನ ನಿಯಮ. ಹೊರಗಿನ ಸರಕು ಒಂದೇ ಕಡೆ ಕೂತಿದ್ದರೆ, ಸ್ವಪರಾಗಸ್ಪರ್ಶದ ನಂತರ ನಾಲ್ಕರಲ್ಲೊಂದು ಸಸಿಯಲ್ಲಿ ಅದು ಇರುವುದಿಲ್ಲ. ಮೊದಲ ಗಿಡದಲ್ಲಿ ಸಿಕೆಎಕ್ಸ್2ರ ಒಂದು ಪ್ರತಿ ಮಾತ್ರ ತಿದ್ದಿದ್ದರೆ, ಎರಡೂ ಪ್ರತಿ ತಿದ್ದಿದ ಸಸಿಗಳೂ ನಾಲ್ಕರಲ್ಲೊಂದೇ. ಎರಡೂ ಷರತ್ತು ಕೂಡಿಬರುವುದು ಹದಿನಾರರಲ್ಲಿ ಒಂದಕ್ಕೆ. 160 ಸಸಿ ಬೆಳೆಸಿದರೆ ಹತ್ತರಷ್ಟು ಕೈಗೆ ಸಿಕ್ಕಾವು. ಪ್ರತಿ ಸಸಿಯ ಎಲೆಯಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿ ಅವನ್ನು ಹುಡುಕಬೇಕು.

ಪಿಸಿಆರ್‌ನಲ್ಲಿ ಕ್ಯಾಸ್9ರ ಪಟ್ಟಿ ಕಾಣಲಿಲ್ಲ ಎಂದ ಮಾತ್ರಕ್ಕೆ ಕೆಲಸ ಮುಗಿಯಿತೇ? ಇಲ್ಲ. ಹುಡುಕಿದ್ದು ಮಾತ್ರ ಪಿಸಿಆರ್‌ಗೆ ಸಿಗುತ್ತದೆ. ಅಮೆರಿಕದ ಕಂಪನಿಯೊಂದು ಕೊಂಬಿಲ್ಲದ ದನಗಳನ್ನು ಎಡಿಟಿಂಗ್‌ನಿಂದ ಸೃಷ್ಟಿಸಿ, ಅನಪೇಕ್ಷಿತವಾದದ್ದೇನೂ ಇಲ್ಲವೆಂದು ಹೇಳಿಕೊಂಡಿತ್ತು. 2019ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಇಡೀ ಜೀನೋಮಿನ ದತ್ತಾಂಶವನ್ನು ಜಾಲಾಡಿದಾಗ ಬ್ಯಾಕ್ಟೀರಿಯಾದ ಡಿಎನ್‌ಎ, ಆ್ಯಂಟಿಬಯಾಟಿಕ್ ನಿರೋಧಕ ಜೀನ್ ಸಮೇತ, ಸಿಕ್ಕಿತು. ಪ್ರಾಣಿಯ ಉದಾಹರಣೆಯಾದರೂ ಪಾಠ ಬೆಳೆಗೂ ಹೊಂದುತ್ತದೆ. ಗುರಿಯನ್ನು ಹೋಲುವ ಬೇರೆ ಜಾಗದಲ್ಲಿ ಕತ್ತರಿ ಬೀಳುವ ಅಪಾಯವನ್ನೂ ಇಡೀ ಜೀನೋಮ್ ಓದಿಯೇ ಪರೀಕ್ಷಿಸುವುದು ಲೇಸು.

ಕಾನೂನಿನ ಜಗಳ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಭಾರತದಲ್ಲಿ ಕುಲಾಂತರಿಗಳನ್ನು ಆಳುವುದು ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳು. ಆ ದಾರಿ ಎಷ್ಟು ದುರ್ಗಮ ಎಂಬುದಕ್ಕೆ ಬಿಟಿ ಬದನೆ ಸಾಕ್ಷಿ: 2009ರಲ್ಲಿ ತಜ್ಞ ಸಮಿತಿ ಒಪ್ಪಿದರೂ, ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿಯಲ್ಲಿ ಅದನ್ನು ತಡೆಹಿಡಿದರು. ಕುಲಾಂತರಿ ಸಾಸಿವೆಯ ವಿಷಯದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನ ತೀರ್ಪು ಕೊಟ್ಟರು. ಆದರೆ 2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ, ಹೊರಗಿನ ಡಿಎನ್‌ಎ ಉಳಿದಿಲ್ಲದ ಎಸ್‌ಡಿಎನ್-1 ಮತ್ತು 2 ಗಿಡಗಳಿಗೆ ಆ ನಿಯಮಗಳ 7ರಿಂದ 11ರವರೆಗಿನ ವಿಧಿಗಳಿಂದ ವಿನಾಯಿತಿ ನೀಡಿತು. ಎಸ್‌ಡಿಎನ್-3 ಮಾತ್ರ ಹಳೆಯ ದಾರಿಯಲ್ಲೇ ಉಳಿಯಿತು. ಕಮಲಾ ಹೊಲದವರೆಗೆ ಬಂದದ್ದು ಈ ಬಾಗಿಲಿನಿಂದ.

ಐರೋಪ್ಯ ನ್ಯಾಯಾಲಯ 2018ರ ಜುಲೈನಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಎಡಿಟ್ ಮಾಡಿದ ಗಿಡಗಳಿಗೂ ಕುಲಾಂತರಿ ಕಾನೂನು ಅನ್ವಯ ಎಂದಿತು. ವಿಕಿರಣದಂಥ ಹಳೆಯ ವಿಧಾನಗಳಿಂದ ಪಡೆದ ತಳಿಗಳಿಗೆ ಮಾತ್ರ ವಿನಾಯಿತಿ. ಟ್ರಾಂಬೆಯ ಟಿಎಜಿ-24 ಶೇಂಗಾದ ಹಿಂದೆಯೂ ವಿಕಿರಣವೇ ಇದೆ. ವಿಕಿರಣ ಎಲ್ಲೆಂದರಲ್ಲಿ ಡಿಎನ್‌ಎಯನ್ನು ಮುರಿಯುವುದು ಸರಿ, ಒಂದೇ ಕಡೆ ಕತ್ತರಿಸುವುದು ತಪ್ಪು ಎಂಬ ಈ ವಾದವನ್ನು ವಿಜ್ಞಾನದ ನೆಲೆಯಲ್ಲಿ ಸಮರ್ಥಿಸುವುದು ಕಷ್ಟ. 2023ರಲ್ಲಿ ಐರೋಪ್ಯ ಆಯೋಗವೇ ಸಡಿಲಿಕೆಯ ಪ್ರಸ್ತಾಪ ಮುಂದಿಟ್ಟಿತು.

ಹಾಗೆಂದು ಭಾರತದ ವಿರೋಧಿಗಳ ಮಾತನ್ನೆಲ್ಲ ತಳ್ಳಿಹಾಕುವಂತಿಲ್ಲ. ಕ್ರಿಸ್ಪರ್ ಪೇಟೆಂಟುಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ, ಬೀಜ ಮಾರುವಾಗ ಪರವಾನಗಿಯ ಪ್ರಶ್ನೆ ಎದುರಾಗುತ್ತದೆ. ಅದಕ್ಕಿಂತ ಗಟ್ಟಿಯಾದ ತಕರಾರು ಪರಿಶೀಲನೆಯದು. ಹೊರಗಿನ ಡಿಎನ್‌ಎ ಉಳಿದಿಲ್ಲ ಎಂಬ ದಾಖಲೆಯನ್ನು ಮೊದಲು ನೋಡುವುದು, ತಳಿ ರೂಪಿಸಿದ ಸಂಸ್ಥೆಯಲ್ಲೇ ಇರುವ ಜೈವಿಕ ಸುರಕ್ಷತಾ ಸಮಿತಿ. ವಿನಾಯಿತಿ ಇಡೀ ನಿಂತಿರುವುದು ಅದೊಂದು ದಾಖಲೆಯ ಮೇಲೆ. ವಿನಾಯಿತಿ ಕೊಟ್ಟದ್ದು ಸರಿಯೇ. ಆದರೆ ತಳಿ ಬಿಡುಗಡೆಯಾದ ದಿನವೇ ಅದರ ಜೀನೋಮ್ ದತ್ತಾಂಶವನ್ನೂ ಪ್ರಯೋಗ ಕೇಂದ್ರಗಳ ಇಳುವರಿ ಅಂಕಿಗಳನ್ನೂ ಯಾರು ಬೇಕಾದರೂ ಪರೀಕ್ಷಿಸುವಂತೆ ಸಾರ್ವಜನಿಕಗೊಳಿಸುವುದು ಕಡ್ಡಾಯವಾಗಬೇಕು.